ಹೊಸೂರಿನ ಅಂಗಡಿ, ಬೆಂಗಳೂರಿನ ಬಿಲ್ಲು

ಬಿಲ್ಲು ಕೈಗೆ ಬಂದಾಗ ಮೊತ್ತಕ್ಕಿಂತ ಮೊದಲು ಎರಡೂ ಕಡೆಯವರ ಜಿಎಸ್‌ಟಿ ನಂಬರಿನ ಮೊದಲ ಎರಡು ಅಂಕಿ ನೋಡಿ. 29 ಅಂದ್ರೆ ಕರ್ನಾಟಕ, 33 ಅಂದ್ರೆ ತಮಿಳುನಾಡು. ಹೊಸೂರಿನ ಅಂಗಡಿಯವರೊಬ್ಬರು ಬೆಂಗಳೂರಿನಿಂದ 10,000 ರೂಪಾಯಿಯ ಪೇಂಟು ತರಿಸಿದರು ಅಂತಿಟ್ಟುಕೊಳ್ಳಿ. ಶೇ. 18ರಂತೆ 1,800 ರೂಪಾಯಿ ತೆರಿಗೆ ಐಜಿಎಸ್‌ಟಿ ಸಾಲಿನಲ್ಲೇ ಇರಬೇಕು. ಆ ಪೇಂಟನ್ನು ತೆರಿಗೆ ಬಿಟ್ಟು 12,000ಕ್ಕೆ ಊರಲ್ಲೇ ಮಾರಿದರೆ ತೆರಿಗೆ 2,160. ಆಗಲೇ ಕೊಟ್ಟ 1,800 ಕಳೆದು 360 ಕಟ್ಟಿದರೆ ಸಾಕು. ಇದೇ ಇನ್‌ಪುಟ್ ಕ್ರೆಡಿಟ್.

ಬಿಲ್ಲಿನಲ್ಲಿ ಸಿಜಿಎಸ್‌ಟಿ 900, ಎಸ್‌ಜಿಎಸ್‌ಟಿ 900 ಅಂತ ಒಡೆದಿದ್ದರೆ ಅದು ಕರ್ನಾಟಕದೊಳಗಿನ ವ್ಯಾಪಾರದ ಲೆಕ್ಕ. ಹೊಸೂರಿನಲ್ಲಿ ಆ ಕ್ರೆಡಿಟ್ ಸಿಗೋದಿಲ್ಲ, 2,160 ಪೂರ್ತಿ ಕೈಯಿಂದಲೇ ಹೋಗುತ್ತೆ. ಅಂಥ ಬಿಲ್ಲನ್ನು ಕೂಡಲೇ ತಿದ್ದಿಸಿ. ಸರಿಯಾದದ್ದು GSTR-2Bಯಲ್ಲಿ ಕಂಡ ಮೇಲೇ ಕ್ರೆಡಿಟ್ ತಗೊಳ್ಳಿ.