ನಡುರಾತ್ರಿ ಇಳಿಯುವ ಅಗ್ಗದ ಟಿಕೆಟ್

ಬೆಂಗಳೂರಿನಿಂದ ಪುಣೆಗೆ ಟಿಕೆಟ್ ಹುಡುಕಿದರೆ ಹಲವು ಸಲ ಅತಿ ಕಡಿಮೆ ದರ ಕಾಣುವುದು ರಾತ್ರಿ ಹನ್ನೆರಡರ ಮೇಲೆ ಇಳಿಯುವ ವಿಮಾನಕ್ಕೆ. ಆ ದರ ಲೋಹಗಾಂವ್ ರನ್‌ವೇ ಮುಟ್ಟುವವರೆಗಿನದು ಮಾತ್ರ. ಅಲ್ಲಿಂದ ಮನೆ ಬಾಗಿಲಿನವರೆಗಿನ ಲೆಕ್ಕವನ್ನು ನಾವೇ ಹಾಕಬೇಕು.

ಕಳೆದ ತಿಂಗಳು ಬೆಂಗಳೂರಿನಲ್ಲಿ ಕೆಲಸ ಮಾಡುವ ಅಕ್ಕನ ಮಗಳು ಇಲ್ಲಿಯ ಆಫೀಸಿಗೆ ತರಬೇತಿಗೆಂದು ಬರುವವಳಿದ್ದಳು. ಸಂಜೆ 6.40ಕ್ಕೆ ಇಳಿಯುವ ವಿಮಾನಕ್ಕೆ 4,500 ರೂಪಾಯಿ, ರಾತ್ರಿ 12.55ರದಕ್ಕೆ 3,150. 'ಮಾಮ, ಸಾವಿರದ ಮುನ್ನೂರೈವತ್ತು ಉಳಿಯುತ್ತೆ, ಯಾಕೆ ಬಿಡಬೇಕು?' ಎಂದಳು. ಫೋನಿನಲ್ಲೇ ಲೆಕ್ಕಕ್ಕೆ ಕೂತೆವು. ಚಿಂಚವಾಡದ ನಮ್ಮ ಮನೆ ವಿಮಾನ ನಿಲ್ದಾಣದಿಂದ ಇಪ್ಪತ್ತು ಕಿಲೋಮೀಟರ್ ಆಸುಪಾಸು. ಸಂಜೆ ನಾನು ಕೊಟ್ಟು ಬಂದಿರುವ ಟ್ಯಾಕ್ಸಿ ಬಾಡಿಗೆ 520, ನಡುರಾತ್ರಿಯದು 800. ಅಲ್ಲಿಗೆ 280 ಹೋಯಿತು. ರಾತ್ರಿ ಊಟ ದೇವನಹಳ್ಳಿಯ ನಿಲ್ದಾಣದೊಳಗೇ ಆಗಬೇಕು, ಅದಕ್ಕೆ 250 ಇಡಿ. ಉಳಿದದ್ದು 820.

ಇನ್ನು ಸಮಯ. ಇದರಲ್ಲಿ ರಾತ್ರಿಗೂ ಒಂದು ಅನುಕೂಲವಿದೆ. ಸಂಜೆ ವಿಶ್ರಾಂತವಾಡಿ ದಾಟಿ ಚಿಂಚವಾಡ ಸೇರಲು ಒಂದೂವರೆ ಗಂಟೆ ಬೇಕಾದ ದಿನಗಳಿವೆ, ಅದೇ ರಸ್ತೆ ರಾತ್ರಿ ಒಂದಕ್ಕೆ ಮುಕ್ಕಾಲು ಗಂಟೆಯೂ ಹಿಡಿಯದು. ತೊಡಕಿರುವುದು ಅದಕ್ಕೂ ಮೊದಲಿನ ಭಾಗದಲ್ಲಿ. ತಡರಾತ್ರಿಯ ವಿಮಾನವೆಂದರೆ ಸಾಮಾನ್ಯವಾಗಿ ಬೆಳಗಿನಿಂದ ನಾಲ್ಕಾರು ಊರು ಸುತ್ತಿ ಬಂದದ್ದು, ದಿನವಿಡೀ ಸೇರಿದ ತಡವೆಲ್ಲ ಅದರ ಪಾಲಿಗೆ ಬರುತ್ತದೆ. ಟಿಕೆಟ್ ಕೊಳ್ಳುವ ಮೊದಲೇ ವಿಮಾನದ ಜಾಡು ತೋರಿಸುವ ಯಾವುದಾದರೂ ಆ್ಯಪಿನಲ್ಲಿ ಅದೇ ಸಂಖ್ಯೆಯ ವಿಮಾನ ಹಿಂದಿನ ಏಳು ದಿನ ಎಷ್ಟು ಹೊತ್ತಿಗೆ ಇಳಿಯಿತೆಂದು ನೋಡಬಹುದು. ನಾವು ನೋಡಿದ ವಾರದಲ್ಲಿ ನಾಲ್ಕು ದಿನ ಅದು ಇಳಿದದ್ದು ಒಂದೂವರೆ ದಾಟಿದ ಮೇಲೆ.

ಇಳಿದ ಕೂಡಲೇ ರಸ್ತೆಗೆ ಬಂದಂತೆಯೂ ಅಲ್ಲ. ಬ್ಯಾಗಿಗೆ ಕಾಯಬೇಕು, ಆಮೇಲೆ ಆ್ಯಪ್ ಟ್ಯಾಕ್ಸಿ ಹತ್ತಲು ಏರೋಮಾಲ್‌ಗೆ ನಡೆಯಬೇಕು. 2024ರ ಜುಲೈನಲ್ಲಿ ಹೊಸ ಟರ್ಮಿನಲ್ ಶುರುವಾದ ಮೇಲೆ ಈ ನಡಿಗೆ ಇನ್ನೂ ಉದ್ದವಾಗಿದೆ. ನಾನು ನಲವತ್ತು ನಿಮಿಷ ಇಟ್ಟುಕೊಳ್ಳುತ್ತೇನೆ. ಅಂದರೆ 12.55ರ ಟಿಕೆಟ್ ಎಂದರೆ ಮನೆಗೆ ಬರುವಾಗ ಮೂರು ಗಂಟೆ, ಮರುದಿನ ಒಂಬತ್ತಕ್ಕೆ ತರಬೇತಿ. ಉಳಿದ 820 ರೂಪಾಯಿ ಈ ನಿದ್ದೆಯ ಬೆಲೆ.

ಸುರಕ್ಷತೆಯ ವಿಷಯದಲ್ಲಿ ನನ್ನ ಅಂಜಿಕೆ ರಸ್ತೆಯದಲ್ಲ, 'ಬುಕಿಂಗ್ ಕ್ಯಾನ್ಸಲ್ ಮಾಡಿ, ಕ್ಯಾಶ್ ಕೊಡಿ' ಎನ್ನುವ ಮಾತಿನದು. ರಾತ್ರಿ ಎರಡಕ್ಕೆ ಎರಡು ಗಾಡಿ ಕೈಕೊಟ್ಟ ಮೇಲೆ ಮೂರನೆಯವನು ಹೀಗೆಂದರೆ ಸುಸ್ತಾದವರು ಒಪ್ಪಿಬಿಡುತ್ತಾರೆ. ಒಪ್ಪಿದ ಕ್ಷಣದಿಂದ ಆ ಪ್ರಯಾಣದ ದಾಖಲೆ ಎಲ್ಲಿಯೂ ಇರುವುದಿಲ್ಲ, ಮನೆಯವರಿಗೆ ಕಳಿಸಿದ ಲೊಕೇಶನ್ ಲಿಂಕ್ ಕೂಡ ಅಲ್ಲಿಗೇ ನಿಲ್ಲುತ್ತದೆ. ಗಾಡಿ ಸಂಖ್ಯೆ ತಾಳೆಯಾದರೆ ಮಾತ್ರ ಓಟಿಪಿ ಹೇಳು, ಬೇರೆ ಮಾತಿಗೆ ಬೇಡ ಎಂದು ಅವಳಿಗೆ ಹೇಳಿದ್ದು ಇದಕ್ಕೇ.

ವಿಮಾನನಗರದಲ್ಲಿ ಇಳಿದುಕೊಳ್ಳುವವರಿಗೆ ಹತ್ತಿರವೇ ಆಯಿತಲ್ಲ ಅನ್ನಿಸಬಹುದು. ಆದರೆ ಹೊತ್ತುಗಟ್ಟಲೆ ಸಾಲಿನಲ್ಲಿ ನಿಂತ ಚಾಲಕನಿಗೆ ನಾಲ್ಕು ಕಿಲೋಮೀಟರ್ ಬಾಡಿಗೆ ಬೇಡ, ಹತ್ತಿರದವರ ಬುಕಿಂಗೇ ಹೆಚ್ಚು ರದ್ದಾಗುತ್ತದೆ. ಮೇಲಾಗಿ ಹಲವು ಪಿಜಿಗಳ ಗೇಟು ಹತ್ತು-ಹನ್ನೊಂದಕ್ಕೇ ಬೀಗ. ಮಾಲೀಕರಿಗೆ ಮೊದಲೇ ಫೋನ್ ಮಾಡದಿದ್ದರೆ ಅಗ್ಗದ ಟಿಕೆಟ್ ಗೇಟಿನ ಹೊರಗೆ ಮುಗಿಯುತ್ತದೆ.

ಬೆಳಗಿನವರೆಗೆ ಅಲ್ಲೇ ಕಾಯುವ ಯೋಚನೆ ಇದ್ದರೆ ನಿರ್ಗಮನ ಬಾಗಿಲು ದಾಟುವ ಮೊದಲೇ ತೀರ್ಮಾನಿಸಬೇಕು. ಒಮ್ಮೆ ಹೊರಬಂದರೆ ಬೇರೆ ಟಿಕೆಟ್ ಇಲ್ಲದೆ ಒಳಗೆ ಬಿಡುವುದಿಲ್ಲ. ಮೆಟ್ರೊ ಶುರುವಾಗುವುದು ಬೆಳಿಗ್ಗೆ ಆರಕ್ಕೆ. ಹತ್ತಿರದ ರಾಮವಾಡಿ ನಿಲ್ದಾಣಕ್ಕೆ ಆಟೊದಲ್ಲಿ ಹೋಗಿ, ಡಿಸ್ಟ್ರಿಕ್ಟ್ ಕೋರ್ಟ್‌ನಲ್ಲಿ ಬದಲಿಸಿದರೆ ಪಿಂಪ್ರಿ ಕಡೆಗೆ ಐವತ್ತು ರೂಪಾಯಿಯೊಳಗಿನ ಮೆಟ್ರೊ ಟಿಕೆಟಿನಲ್ಲಿ ಬರಬಹುದು. ಒಂದೇ ಬ್ಯಾಗಿನ ಹುಡುಗರಿಗೆ ಸರಿ, ನಾಲ್ಕು ಗಂಟೆ ಕುರ್ಚಿಯಲ್ಲಿ ಕೂರುವುದು ಅಪ್ಪ-ಅಮ್ಮನಿಗೆ ಆಗದು. ನಾನೇ ಕಾರು ತಂದರೆ? ಹೋಗಿಬರುವ ನಲವತ್ತು ಕಿಲೋಮೀಟರಿನ ಪೆಟ್ರೋಲ್, ಪಾರ್ಕಿಂಗ್, ಜತೆಗೆ ಇಬ್ಬರ ನಿದ್ದೆ.

ಅಕ್ಕನ ಮಗಳು ಸಂಜೆಯದನ್ನೇ ಕೊಂಡಳು. ಆದರೆ ದೀಪಾವಳಿ ಮುಗಿಸಿ ನಾವು ನಾಲ್ವರು ಮರಳುವಾಗ ನಾನು ನಡುರಾತ್ರಿಯ ಟಿಕೆಟನ್ನೇ ತೆಗೆದಿದ್ದೇನೆ. ತಲೆಗೆ 1,350ರಂತೆ 5,400 ಉಳಿಯಿತು, ಟ್ಯಾಕ್ಸಿ ಮಾತ್ರ ಒಂದೇ. ಊಟ ಅಕ್ಕನ ಮನೆಯ ಚಪಾತಿ-ಪಲ್ಯ, ಮರುದಿನ ಭಾನುವಾರ.