ರಾತ್ರಿ 9ರ ಬ್ಯಾಚ್‌ಗೆ ಒಂದು ಕ್ಯಾಪ್ಷನ್

ಆನ್‌ಲೈನ್ ಸ್ಪೋಕನ್ ಇಂಗ್ಲಿಷ್ ತರಗತಿಯ ಪೋಸ್ಟರ್ ಕೆಳಗೆ ಬರುವ ಬರಹವೇ ಕ್ಯಾಪ್ಷನ್. ಪೋಸ್ಟರ್ ಕಣ್ಣು ಸೆಳೆಯುತ್ತದೆ, ಸೇರುವುದೋ ಬಿಡುವುದೋ ಎಂಬುದು ತೀರ್ಮಾನವಾಗುವುದು ಈ ಬರಹದಲ್ಲಿ. ಅದನ್ನು ಓದುವವರು ಬಸ್ಸಿನಲ್ಲೋ ಊಟದ ಬಿಡುವಿನಲ್ಲೋ ಮೊಬೈಲ್ ತೆರೆದ ಉದ್ಯೋಗಿಗಳು. ಇಂಗ್ಲಿಷ್ ಬೇಕೆಂಬುದು ಅವರಿಗೆ ಮೊದಲೇ ಗೊತ್ತು. ಗೊತ್ತಿಲ್ಲದ್ದು ಮೂರೇ: ತರಗತಿಯ ವೇಳೆ ತಮ್ಮ ಕೆಲಸದ ವೇಳೆಗೆ ಹೊಂದುತ್ತದೆಯೇ, ಸೇರುವ ಮೊದಲು ಪಾಠ ಹೇಗಿದೆಯೆಂದು ನೋಡಬಹುದೇ, ಒಟ್ಟು ಎಷ್ಟು ಖರ್ಚಾಗುತ್ತದೆ. ಬಹಳಷ್ಟು ಕ್ಯಾಪ್ಷನ್‌ಗಳು ಈ ಮೂರನ್ನು ಬಿಟ್ಟು ಉಳಿದೆಲ್ಲವನ್ನೂ ಹೇಳುತ್ತವೆ.

ಇನ್‌ಸ್ಟಾಗ್ರಾಮ್‌ನಲ್ಲಿ ಒಂದು ಕ್ಯಾಪ್ಷನ್ 2,200 ಚಿಹ್ನೆಗಳವರೆಗೆ ಇರಬಹುದು. ಆದರೆ ಪೋಸ್ಟ್ ಕಣ್ಣಿಗೆ ಬಿದ್ದಾಗ ಕಾಣುವುದು ಮೊದಲ ಒಂದೆರಡು ಸಾಲು ಮಾತ್ರ. ಉಳಿದದ್ದನ್ನು ಓದಲು ‘ಮೋರ್’ ಒತ್ತಬೇಕು. ಕನ್ನಡದಲ್ಲಿ ಬರೆಯುವವರು ಇನ್ನೊಂದನ್ನೂ ಗಮನಿಸಬೇಕು. ಒತ್ತಕ್ಷರ, ಗುಣಿತದ ಗುರುತು, ಅನುಸ್ವಾರ ಎಲ್ಲವೂ ಯುನಿಕೋಡ್‌ನಲ್ಲಿ ಬೇರೆ ಬೇರೆ ಚಿಹ್ನೆಗಳು. ‘ಇಂಗ್ಲಿಷ್’ ಎಂಬುದು ಕಣ್ಣಿಗೆ ಮೂರು ಅಕ್ಷರ, ಯುನಿಕೋಡ್ ಲೆಕ್ಕದಲ್ಲಿ ಎಂಟು ಚಿಹ್ನೆ. ಹೀಗಿರುವಾಗ ‘ಇಂದಿನ ಜಗತ್ತಿನಲ್ಲಿ ಇಂಗ್ಲಿಷ್ ಎಷ್ಟು ಮುಖ್ಯ ಗೊತ್ತೇ?’ ಎಂದು ಶುರುಮಾಡಿದರೆ ಮೊದಲ ಸಾಲು ಅಲ್ಲಿಗೇ ಮುಗಿಯುತ್ತದೆ, ವೇಳೆ ಮರೆಯಲ್ಲೇ ಉಳಿಯುತ್ತದೆ. ಉದ್ಯೋಗಿಗಳಿಗೆ ಬೇಕಾದ ಮೊದಲ ಸುದ್ದಿ ಬ್ಯಾಚ್ ಸಮಯ. ಅದು ಮೊದಲ ಸಾಲಿನಲ್ಲೇ ಬರಬೇಕು.

ಒಂದು ಮಾದರಿಯನ್ನು ಇಟ್ಟುಕೊಂಡು ನೋಡಬಹುದು. 2026ರ ಜೂನ್‌ನಲ್ಲಿ ಶುರುವಾಗುವ ಒಂದು ಕಾಲ್ಪನಿಕ ತರಗತಿಗೆ ಬರೆದ ಕ್ಯಾಪ್ಷನ್ ಇದು:

“ಕೆಲಸ ಮುಗಿಸಿ ಬಂದ ಮೇಲೆ, ರಾತ್ರಿ 9ಕ್ಕೆ ಸ್ಪೋಕನ್ ಇಂಗ್ಲಿಷ್. ಬೆಳಗ್ಗೆ 6.30ರ ಬ್ಯಾಚ್ ಕೂಡ ಇದೆ. ಟ್ರಯಲ್ ತರಗತಿ ಉಚಿತ.

ಸೋಮವಾರ, ಬುಧವಾರ, ಶುಕ್ರವಾರ. ಬೆಳಗ್ಗೆ 6.30ರಿಂದ 7.15 ಅಥವಾ ರಾತ್ರಿ 9ರಿಂದ 9.45, ಭಾರತೀಯ ಕಾಲಮಾನ. ಜೂನ್ 8ರಿಂದ ಜುಲೈ 31ರವರೆಗೆ 8 ವಾರ, 24 ತರಗತಿ. ಒಂದು ಬ್ಯಾಚ್‌ಗೆ 10 ಜನ. ಇಂಗ್ಲಿಷ್ ಓದಿದರೆ ಅರ್ಥವಾಗುತ್ತದೆ, ಮಾತನಾಡಲು ಹೋದರೆ ತಡವರಿಕೆ ಎನ್ನುವವರಿಗಾಗಿ.

ಟ್ರಯಲ್: ಜೂನ್ 3, ಬುಧವಾರ ರಾತ್ರಿ 9ಕ್ಕೆ, ಜೂನ್ 4, ಗುರುವಾರ ಬೆಳಗ್ಗೆ 6.30ಕ್ಕೆ. ಪಾಠ ಮಾಡುವ ಶಿಕ್ಷಕರೇ ಟ್ರಯಲ್ ತೆಗೆದುಕೊಳ್ಳುತ್ತಾರೆ.

ಶುಲ್ಕ ಒಟ್ಟು ರೂ. 3,600. ಬೇರೆ ಯಾವ ಶುಲ್ಕವೂ ಇಲ್ಲ. ರೂ. 1,800ರಂತೆ ಎರಡು ಕಂತಿನಲ್ಲೂ ಕಟ್ಟಬಹುದು. ಮೊದಲ 3 ತರಗತಿಯ ಒಳಗೆ ಬಿಟ್ಟರೆ, ಉಳಿದ ತರಗತಿಗಳಿಗೆ ಕಟ್ಟಿದ ಹಣ ವಾಪಸ್.

ಸೇರಲು ಪೋಸ್ಟರ್‌ನಲ್ಲಿರುವ ವಾಟ್ಸ್ಆ್ಯಪ್ ಸಂಖ್ಯೆಗೆ ‘ಟ್ರಯಲ್ ರಾತ್ರಿ’ ಅಥವಾ ‘ಟ್ರಯಲ್ ಬೆಳಗ್ಗೆ’ ಎಂದು ಕಳುಹಿಸಿ.”

ಇದರಲ್ಲಿ ‘ಈ ಬುಧವಾರ’, ‘ನಾಳೆ’ ಎಂಬ ಮಾತುಗಳು ಇಲ್ಲದಿರುವುದಕ್ಕೆ ಕಾರಣವಿದೆ. ಇನ್‌ಸ್ಟಾಗ್ರಾಮ್‌ನಲ್ಲಿ ಕ್ಯಾಪ್ಷನ್ ತಿದ್ದಬಹುದು. ಅದೇ ಬರಹ ವಾಟ್ಸ್ಆ್ಯಪ್ ಗುಂಪುಗಳಿಗೆ ಹೋದರೆ ಮತ್ತೆ ಕೈಗೆ ಸಿಗುವುದಿಲ್ಲ. ಆಗಸ್ಟ್‌ನಲ್ಲೂ ಯಾರಿಗೋ ತಲುಪುತ್ತಿರುತ್ತದೆ. ತಾರೀಖು ಮತ್ತು ವಾರ ಎರಡೂ ಇದ್ದರೆ ಓದಿದವರಿಗೆ ಆ ಬ್ಯಾಚ್ ಮುಗಿದದ್ದು ತಾನಾಗಿ ತಿಳಿಯುತ್ತದೆ. ‘ಭಾರತೀಯ ಕಾಲಮಾನ’ ಎಂಬ ಮಾತೂ ಅಲಂಕಾರಕ್ಕಲ್ಲ. ದುಬೈ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ. ಅಲ್ಲಿ ದುಡಿಯುವ ಕನ್ನಡಿಗರಿಗೆ ರಾತ್ರಿ 9ರ ತರಗತಿ ಸಂಜೆ 7.30ಕ್ಕೆ ಬೀಳುತ್ತದೆ, ಬೆಳಗಿನ ಬ್ಯಾಚ್ ನಸುಕಿನ 5 ಗಂಟೆಗೆ. ಕಾಲಮಾನ ಬರೆಯದಿದ್ದರೆ ಅವರು ಟ್ರಯಲ್‌ಗೇ ತಡವಾಗಿ ಬರುತ್ತಾರೆ.

ಟ್ರಯಲ್ ವಿಷಯದಲ್ಲಿ ಹೆಚ್ಚು ಎಡವಟ್ಟಾಗುತ್ತದೆ. ಬಹಳ ಕಡೆ ಅದನ್ನು ಭಾನುವಾರ ಬೆಳಗ್ಗೆ 11ಕ್ಕೆ ಇಡುತ್ತಾರೆ, ಏಕೆಂದರೆ ಆಗ ಹೆಚ್ಚು ಜನ ಸೇರುತ್ತಾರೆ. ಭಾನುವಾರ ಎಲ್ಲರಿಗೂ ಬಿಡುವು. ಆದರೆ ಬುಧವಾರ ದುಡಿದು ದಣಿದು ಬಂದು, ಮಕ್ಕಳ ಗಲಾಟೆಯ ನಡುವೆ ರಾತ್ರಿ 9ಕ್ಕೆ ಕೂರಲು ಆಗುತ್ತದೆಯೇ ಎಂಬುದು ಭಾನುವಾರದ ಟ್ರಯಲ್‌ನಲ್ಲಿ ಗೊತ್ತಾಗುವುದಿಲ್ಲ. ಹಣ ಕಟ್ಟಿದ ಎರಡನೇ ವಾರದಲ್ಲಿ ಗೊತ್ತಾಗುತ್ತದೆ. ಆದ್ದರಿಂದ ಟ್ರಯಲ್ ಕೆಲಸದ ದಿನದಲ್ಲಿ, ಬ್ಯಾಚ್‌ನ ವೇಳೆಯಲ್ಲೇ ನಡೆಯಬೇಕು. ಅದು ನಿಜವಾದ ಪಾಠವಾಗಿರಬೇಕು. ಟ್ರಯಲ್ ಎಂದು ಕರೆದು ಕೌನ್ಸೆಲರ್ ಒಬ್ಬರಿಂದ ಕೋರ್ಸಿನ ವರ್ಣನೆ ಮಾಡಿಸುವುದು ಓದುಗರ ನಂಬಿಕೆಗೆ ಮಾಡುವ ಮೋಸ. ‘ಉಚಿತ’ ಎಂದು ಬರೆದು ಕೊನೆಯಲ್ಲಿ 99 ರೂಪಾಯಿ ನೋಂದಣಿ ಶುಲ್ಕ ಕೇಳುವುದೂ ತಪ್ಪು. ದಾರಿ ತಪ್ಪಿಸುವ ಜಾಹೀರಾತುಗಳ ಕುರಿತು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರಲ್ಲಿ ಹೊರಡಿಸಿದ ಮಾರ್ಗಸೂಚಿ ಅಂಥ ‘ಉಚಿತ’ವನ್ನು ಒಪ್ಪುವುದಿಲ್ಲ. 99 ರೂಪಾಯಿ ಬೇಕಿದ್ದರೆ ಹಾಗೆಂದೇ ಬರೆಯಬೇಕು. ಸೇರಿದ ಮೇಲೆ ಅದನ್ನು ಶುಲ್ಕದಲ್ಲಿ ಕಳೆಯುವುದಾದರೆ ಅದನ್ನೂ ಬರೆಯಬೇಕು.

‘10 ಜನ’ ಎಂಬ ಚಿಕ್ಕ ವಿವರಕ್ಕೆ ಶುಲ್ಕದಷ್ಟೇ ತೂಕವಿದೆ. 45 ನಿಮಿಷದ ತರಗತಿಯಲ್ಲಿ ಶಿಕ್ಷಕರ ವಿವರಣೆಗೆ 15 ನಿಮಿಷ ಹೋದರೆ ಉಳಿಯುವುದು 30. ಒಬ್ಬೊಬ್ಬರಾಗಿ ಮಾತನಾಡಿದರೆ ಹತ್ತು ಜನರ ಬ್ಯಾಚ್‌ನಲ್ಲಿ ತಲಾ 3 ನಿಮಿಷ ಸಿಗುತ್ತದೆ, ಮೂವತ್ತು ಜನರಿದ್ದರೆ 1 ನಿಮಿಷ. ಇಬ್ಬಿಬ್ಬರನ್ನು ಬ್ರೇಕ್‌ಔಟ್ ರೂಮ್‌ಗಳಿಗೆ ಕಳುಹಿಸಿದರೆ ಮಾತಿನ ಸಮಯ ಹೆಚ್ಚುತ್ತದೆ, ಆದರೆ ಶಿಕ್ಷಕರು ಎಲ್ಲ ಕೋಣೆಗಳಲ್ಲೂ ಒಮ್ಮೆಗೇ ಇರಲಾರರು. ಮಾತು ಕಲಿಯಲು ಬರುವವರಿಗೆ ಈ ಲೆಕ್ಕ ಮುಚ್ಚಿಡಬಾರದು. ಝೂಮ್‌ನ ಉಚಿತ ಖಾತೆಯಲ್ಲಿ ಸಭೆ 40 ನಿಮಿಷಕ್ಕೆ ಕಡಿದುಹೋಗುತ್ತದೆ ಎಂಬುದನ್ನೂ ಸಮಯ ಬರೆಯುವ ಮೊದಲು ನೆನೆಯುವುದು ಒಳ್ಳೆಯದು.

ಶುಲ್ಕ ಬರೆಯದೆ ‘ವಿವರಗಳಿಗೆ ಮೆಸೇಜ್ ಮಾಡಿ’ ಎನ್ನುವ ಅಭ್ಯಾಸ ವ್ಯಾಪಕವಾಗಿದೆ. ಕೇಳಲು ಸಂಕೋಚಪಡುವವರು ಅಲ್ಲಿಗೇ ದೂರವಾಗುತ್ತಾರೆ, ಕೇಳಿದವರಿಗೆಲ್ಲ ಒಂದೇ ಉತ್ತರ ಕೊಡುತ್ತ ಶಿಕ್ಷಕರ ಸಂಜೆ ಕಳೆಯುತ್ತದೆ. ‘ದಿನಕ್ಕೆ ಒಂದು ಕಾಫಿಯ ಬೆಲೆ’ ಎಂಬ ಮಾತೂ ಬೇಡ. ರೂ. 3,600ಕ್ಕೆ 24 ತರಗತಿ ಎಂದರೆ ಒಂದಕ್ಕೆ 150 ರೂಪಾಯಿ. ಓದುಗರು ಆ ಭಾಗಾಕಾರವನ್ನು ಬಾಯಲ್ಲೇ ಮಾಡುತ್ತಾರೆ. ಮೂರು ತರಗತಿಯ ನಂತರ ಬಿಟ್ಟರೆ 21 ತರಗತಿಯ ಹಣ ಉಳಿಯುತ್ತದೆ. ಪೂರ್ತಿ ಕಟ್ಟಿದವರಿಗೆ ರೂ. 3,150, ಒಂದೇ ಕಂತು ಕಟ್ಟಿದವರಿಗೆ ರೂ. 1,350 ವಾಪಸ್ ಬರುತ್ತದೆ. ಸಂಸ್ಥೆ ಜಿಎಸ್‌ಟಿ ನೋಂದಣಿ ಪಡೆದಿದ್ದರೆ ಬರೆಯುವ ಮೊತ್ತ ತೆರಿಗೆ ಸೇರಿಸಿದ್ದಾಗಿರಬೇಕು. ಇಂಥ ಕೋಚಿಂಗ್‌ಗೆ ದರ ಶೇ. 18, 3,600ರ ಮೇಲೆ 648 ಸೇರಿ 4,248 ಆಗುತ್ತದೆ. ಈ ವ್ಯತ್ಯಾಸ ಹಣ ಕಟ್ಟುವ ಹೊತ್ತಿನಲ್ಲಿ ಮೊದಲ ಬಾರಿಗೆ ಕಂಡರೆ ಟ್ರಯಲ್‌ನಲ್ಲಿ ಗಳಿಸಿದ ನಂಬಿಕೆ ಹೋಗುತ್ತದೆ.

ಸೇರುವ ದಾರಿಯೂ ಸುಲಭವಾಗಿರಬೇಕು. ಇನ್‌ಸ್ಟಾಗ್ರಾಮ್ ಕ್ಯಾಪ್ಷನ್‌ನಲ್ಲಿ ಹಾಕಿದ ಲಿಂಕ್ ಒತ್ತಿದರೆ ತೆರೆಯುವುದಿಲ್ಲ. ಅದಕ್ಕೇ ಮಾದರಿಯಲ್ಲಿ ಲಿಂಕ್ ಇಲ್ಲ, ಕಳುಹಿಸಬೇಕಾದ ಎರಡು ಪದಗಳಿವೆ. ಆ ಪದಗಳಿಂದಲೇ ಯಾರಿಗೆ ಯಾವ ಬ್ಯಾಚ್ ಬೇಕೆಂದು ತಿಳಿಯುತ್ತದೆ.

‘30 ದಿನದಲ್ಲಿ ನಿರರ್ಗಳ ಇಂಗ್ಲಿಷ್, ಬಡ್ತಿ ಗ್ಯಾರಂಟಿ’, ‘ಇನ್ನು 3 ಸೀಟು ಮಾತ್ರ’ ಎಂಬ ಸಾಲುಗಳು ಮಾದರಿಯಲ್ಲಿಲ್ಲ. ವಾರಕ್ಕೆ ಮೂರು ದಿನ, ದಿನಕ್ಕೆ ಮುಕ್ಕಾಲು ಗಂಟೆ ಎಂದರೆ ಎಂಟು ವಾರಕ್ಕೆ ಒಟ್ಟು 18 ಗಂಟೆಯ ಪಾಠ. ಅಷ್ಟರಲ್ಲಿ ಮೀಟಿಂಗ್‌ನಲ್ಲಿ ಬಾಯಿಬಿಡುವ ಧೈರ್ಯ ಬರಬಹುದು, ನಿರರ್ಗಳತೆ ಬರುವುದಿಲ್ಲ. 2024ರ ನವೆಂಬರ್‌ನಲ್ಲಿ ಅದೇ ಪ್ರಾಧಿಕಾರ ಕೋಚಿಂಗ್ ಕ್ಷೇತ್ರಕ್ಕೆಂದೇ ಹೊರಡಿಸಿದ ಮಾರ್ಗಸೂಚಿಯೂ ಸುಳ್ಳು ಗ್ಯಾರಂಟಿ ಮತ್ತು ಸುಳ್ಳು ಅವಸರ ಎರಡನ್ನೂ ತಡೆಯುತ್ತದೆ. ಅದು 50ಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಕೇಂದ್ರಗಳಿಗೆ ಅನ್ವಯ. ಅದಕ್ಕಿಂತ ಚಿಕ್ಕ ತರಗತಿಗಳಿಗೂ 2022ರ ಮಾರ್ಗಸೂಚಿ ಇದ್ದೇ ಇದೆ.