ತಾಯ್ನುಡಿಯ ಲೆಕ್ಕ, ಆಡುನುಡಿಯ ಲೆಕ್ಕ

"ಬೆಂಗಳೂರಿನಲ್ಲಿ ಕನ್ನಡಿಗರು ಅರ್ಧದಷ್ಟೂ ಇಲ್ಲ" ಎಂಬ ಮಾತನ್ನು ನಾವೆಲ್ಲರೂ ಕೇಳಿದ್ದೇವೆ. 2011ರ ಜನಗಣತಿಯಲ್ಲಿ ಬೆಂಗಳೂರು ನಗರ ಜಿಲ್ಲೆಯಲ್ಲಿ ಕನ್ನಡವನ್ನು ತಾಯ್ನುಡಿಯೆಂದು ಬರೆಸಿದವರು ಅರ್ಧಕ್ಕಿಂತ ಕಡಿಮೆ ಎಂಬುದು ನಿಜವೇ. ಆದರೆ ಆ ಅಂಕಿಯಿಂದ ಊರಿನ ಆಡುನುಡಿಯನ್ನು ಅಳೆಯಬಹುದೆ? ಅಂಕಿ ಹುಟ್ಟುವ ಬಗೆಯನ್ನು ನೋಡಿದರೆ ಉತ್ತರ ತಿಳಿಯುತ್ತದೆ.

ಆ ಗಣತಿಯ ನಮೂನೆಯಲ್ಲಿ ಹತ್ತನೆಯ ಪ್ರಶ್ನೆ ತಾಯ್ನುಡಿಯದು. ಬಾಲ್ಯದಲ್ಲಿ ತಾಯಿ ಮಗುವಿನೊಡನೆ ಆಡಿದ ಭಾಷೆಯೇ ತಾಯ್ನುಡಿ ಎಂದು ಗಣತಿದಾರರಿಗೆ ಸೂಚನೆಯಿತ್ತು. ತಾಯಿ ಎಳವೆಯಲ್ಲೇ ತೀರಿಕೊಂಡಿದ್ದರೆ ಆಗ ಮನೆಯಲ್ಲಿ ಹೆಚ್ಚಾಗಿ ಆಡುತ್ತಿದ್ದ ಭಾಷೆಯನ್ನು ಬರೆಯಬೇಕು. ಒಂದೇ ಮನೆಯವರ ತಾಯ್ನುಡಿ ಬೇರೆ ಬೇರೆಯಾಗಿರಬಹುದು. ಒಬ್ಬೊಬ್ಬರದನ್ನೂ ಕೇಳಿ, ಹೇಳಿದಂತೆಯೇ ಬರೆಯಬೇಕು. ನಿಯಮ ಸ್ಪಷ್ಟವಾಗಿಯೇ ಇದೆ. ಆದರೆ ಅದು ಕೇಳುವುದು ಕಳೆದುಹೋದ ಬಾಲ್ಯವನ್ನು, ಇಂದಿನ ಬಳಕೆಯನ್ನಲ್ಲ.

ನಮ್ಮ ಮನೆಯನ್ನೇ ತೆಗೆದುಕೊಳ್ಳಿ. ಅಜ್ಜಿ ಅನಂತಪುರದ ಕಡೆಯವರು. ಅಪ್ಪ ಬೆಂಗಳೂರಿನಲ್ಲಿ ತಳ್ಳುಗಾಡಿಯಲ್ಲಿ ತರಕಾರಿ ಮಾರುತ್ತಾರೆ. ಅಮ್ಮ ನನ್ನೊಡನೆ ತೆಲುಗಿನಲ್ಲಿ ಮಾತನಾಡಿದರು. ತಂಗಿ ಹುಟ್ಟುವ ಹೊತ್ತಿಗೆ ನಾವು ಕನ್ನಡದವರೇ ತುಂಬಿದ್ದ ವಠಾರಕ್ಕೆ ಬಂದಿದ್ದೆವು. ಅವಳನ್ನು ಅಮ್ಮ ಕನ್ನಡದಲ್ಲೇ ಆಡಿಸಿದರು. ಸೂಚನೆಯ ಪ್ರಕಾರ ನನ್ನದು ತೆಲುಗು, ಅವಳದು ಕನ್ನಡ. ಆದರೆ 2011ರಲ್ಲಿ ಬಾಗಿಲಿಗೆ ಬಂದ ಗಣತಿದಾರರಿಗೆ ಅಪ್ಪ ಹೇಳಿದ್ದು ಒಂದೇ ಮಾತು: "ನಾವು ತೆಲುಗಿನವರು, ಸ್ವಾಮಿ." ಐದು ಸಾಲಿನಲ್ಲೂ ತೆಲುಗೇ ಬಿತ್ತು. ಅಪ್ಪ ಸುಳ್ಳು ಹೇಳಲಿಲ್ಲ. ಪ್ರಶ್ನೆ ಕೇಳಿದ್ದು ನುಡಿಯನ್ನು, ಅವರು ಕೊಟ್ಟದ್ದು ಮನೆತನದ ಗುರುತನ್ನು.

ಹನ್ನೊಂದನೆಯ ಪ್ರಶ್ನೆ ಬಲ್ಲ ಇತರ ಭಾಷೆಗಳದು. ಅಲ್ಲಿ ಎರಡಕ್ಕೆ ಮಾತ್ರ ಅವಕಾಶ. ಅಪ್ಪ ಕನ್ನಡವನ್ನೂ ತಮಿಳನ್ನೂ ಬರೆಸಿದರು. ಗಿರಾಕಿಗಳೊಡನೆ ದಿನವೂ ಆಡುವ ಉರ್ದುವಿಗೆ ಜಾಗ ಸಿಗಲಿಲ್ಲ. ಇನ್ನೊಂದು ತೊಡಕೆಂದರೆ, ಅಲ್ಲಿರುವುದು ಅರಿವಿನ ಲೆಕ್ಕವೇ ಹೊರತು ಬಳಕೆಯದಲ್ಲ. ದಿನವಿಡೀ ಕನ್ನಡದಲ್ಲಿ ವ್ಯಾಪಾರ ಮಾಡುವ ಅಪ್ಪನಿಗೂ, ಕನ್ನಡ ಬಲ್ಲರೂ ಮನೆಯಿಂದಾಚೆ ಅದನ್ನಾಡದ ಅಜ್ಜಿಗೂ ಅಲ್ಲಿ ಒಂದೇ ಬೆಲೆ. ಯಾರೊಡನೆ, ಎಲ್ಲಿ, ಎಷ್ಟು ಎಂದು ಯಾರೂ ಕೇಳುವುದಿಲ್ಲ.

ಹಳ್ಳಿಯಲ್ಲಿ ತಾಯ್ನುಡಿಯೂ ಬೀದಿಯ ನುಡಿಯೂ ಬಹುಮಟ್ಟಿಗೆ ಒಂದೇ ಆಗಿರುವುದರಿಂದ ಈ ಅಂತರ ಅಷ್ಟಾಗಿ ಕಾಣದು. ವಲಸೆ ಬಂದವರು ಕೂಡಿ ಬಾಳುವ ನಗರದಲ್ಲಿ ಅದು ದೊಡ್ಡದಾಗುತ್ತದೆ. ಆದ್ದರಿಂದ ತಾಯ್ನುಡಿಯ ಪಟ್ಟಿಯೊಂದನ್ನೇ ಹಿಡಿದು ವಾದಿಸುವವರನ್ನು ಕಂಡರೆ, ಇತರ ಭಾಷೆಗಳ ಪಟ್ಟಿಯನ್ನೂ ನೋಡಿದ್ದೀರಾ ಎಂದು ಕೇಳಬೇಕು. ಎರಡನ್ನೂ ನೋಡಿದ ಮೇಲೂ ತಿಳಿಯುವುದು ಜನರು ಎಲ್ಲಿಂದ ಬಂದರು, ಏನು ಬಲ್ಲರು ಎಂಬುದಷ್ಟೆ. ಆಸ್ಪತ್ರೆಯ ಚೀಟಿ ಯಾವ ಭಾಷೆಯಲ್ಲಿರಬೇಕು, ಶಾಲೆ ಯಾವ ಭಾಷೆಯಲ್ಲಿ ನಡೆಯಬೇಕು ಎಂಬ ಪ್ರಶ್ನೆಗೆ ಬಳಕೆಯನ್ನೇ ಬೇರೆಯಾಗಿ ಕೇಳಿ ತಿಳಿಯಬೇಕು. ತಂಗಿಗೆ ತೆಲುಗು ಓದಲು ಬಾರದು. ಗಣತಿಯ ಪುಸ್ತಕದಲ್ಲಿ ಮಾತ್ರ ಅವಳು ಇಂದಿಗೂ ತೆಲುಗಿನವಳು.